ಒಂದು ಮಾತ್ರೆ

1961ರ ಬೇಸಗೆ. ಮೈಸೂರಿನ ಅಗ್ರಹಾರದಲ್ಲಿದ್ದ ಆ ಬಾಡಿಗೆಯ ಮನೆಯನ್ನು ತಿಂಗಳ ಕೊನೆಗೆ ಬಿಟ್ಟುಕೊಡಬೇಕಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದ ಯಜಮಾನರ ವರ್ಷಾಬ್ದಿಕ ಮುಗಿದಿತ್ತು. ತಾಯಿಮಗಳು ಹಾಸನದ ಸೋದರಮಾವನ ಮನೆ ಸೇರುವುದೆಂದು ನಿಶ್ಚಯವಾಗಿತ್ತು. ಪಾತ್ರೆಪಡಗಗಳನ್ನು ಕಟ್ಟಿದ ಮೇಲೆ ಉಳಿದುದು ಎರಡು ಬೀರು ಪುಸ್ತಕ.

“ಇಷ್ಟನ್ನೂ ಹೊತ್ತುಕೊಂಡು ಹೋಗಲಾದೀತೇನೆ, ಕಮಲ? ಅವರು ದಿನವೂ ಓದುತ್ತಿದ್ದ ಭಾರತ ಒಂದಿರಲಿ. ಮಿಕ್ಕಿದ್ದನ್ನು ಹಳೆಯ ಕಾಗದದವನಿಗೆ ಹಾಕಿಬಿಡೋಣ” ಎಂದರು ತಾಯಿ. ಆ ಮಾತಿನಲ್ಲಿ ಕೊಂಚ ಮುನಿಸೂ ಇತ್ತು. ಹೆಂಡತಿಯೊಡನೆ ಆಡಿದ ಮಾತಿಗಿಂತ ಆ ಹಾಳೆಗಳೊಡನೆ ಆತ ಕಳೆದ ಹೊತ್ತೇ ಹೆಚ್ಚೆಂಬುದು ಆಕೆಯ ಬಹುಕಾಲದ ದೂರು.

ಕುಮಾರವ್ಯಾಸಭಾರತದ ಆ ಹಳೆಯ ಪ್ರತಿಯ ಹೊಲಿಗೆ ಬಿಚ್ಚಿಹೋಗಿತ್ತು. ಕಮಲ ಅದನ್ನು ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದ ಬೈಂಡಿನವನ ಬಳಿಗೆ ಒಯ್ದಳು. ಮುದುಕ ಹಾಳೆಗಳನ್ನು ಬೆರಳಿನಿಂದ ಬೀಸಿ ನೋಡಿದ.

“ಹೊಸದಾಗಿ ಹೊಲಿದ ಮೇಲೆ ಮೂರು ಕಡೆಯೂ ಅಂಚು ಕತ್ತರಿಸಬೇಕು, ತಾಯಿ. ಕಾಲಂಗುಲ ಹೋಗುತ್ತದೆ. ಆದರೆ ಇಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಏನೋ ಬರೆದಿದೆಯಲ್ಲ? ಅದೂ ಹೋದೀತು.”

ಅಂಚಿನವರೆಗೂ ತುಂಬಿದ್ದ ಆ ಸಣ್ಣ ಬರಹವನ್ನು ಕಮಲ ಕಂಡದ್ದು ಆಗಲೇ. “ಎರಡು ದಿನ ಇರಲಿ” ಎಂದು ಪುಸ್ತಕವನ್ನು ಮರಳಿ ಮನೆಗೆ ತಂದಳು.

ಹಿಂದೊಮ್ಮೆ ಹೆಂಚು ಸೋರಿ ಪುಸ್ತಕ ನೆನೆದಿತ್ತು. ಮೊದಲ ಪುಟದಲ್ಲಿ ಶಾಯಿಯಿಂದ ಬರೆದ ತಂದೆಯ ಹೆಸರು ನೀಲಿಯ ಕಲೆಯಾಗಿ ಹರಡಿಹೋಗಿತ್ತು. ಪೆನ್ಸಿಲ್ಲಿನ ಗೆರೆಗಳು ಮಾತ್ರ ಇದ್ದಂತೆಯೇ ಇದ್ದುವು. ಹಲವೆಡೆ ಕಠಿಣಪದಗಳ ಅರ್ಥ, ಕೆಲವೆಡೆ ಕವಿಯೊಡನೆ ಜಗಳ. ಭೀಷ್ಮಪರ್ವದ ಒಂದು ಪುಟದ ಕೆಳಗೆ, ಕಾವ್ಯಕ್ಕೇನೂ ಸಂಬಂಧವಿಲ್ಲದ ಒಂದು ಸಾಲು: “ಅವಳ ಕೆಮ್ಮು ಇನ್ನೂ ನಿಂತಿಲ್ಲ. ನಾಳೆ ಡಾಕ್ಟರರನ್ನು ಕರೆಯಬೇಕು.”

ಯುದ್ಧಸನ್ನಾಹದ ಒಂದು ಪದ್ಯದ ಪಕ್ಕದಲ್ಲಿ ಕಮಲಳ ಕಣ್ಣು ನಿಂತಿತು. “13. ಹೇಳಿಬಿಡಬಾರದು, ಕಮಲಳೇ ಕಂಡುಕೊಳ್ಳಲಿ.” ಕೆಳಗೆ 1957ರ ಜೂನಿನ ಒಂದು ತಾರೀಖು.

ಅವಳಿಗೆ ಆ ಸಂಜೆ ನೆನಪಾಯಿತು. ಆ ವರ್ಷವೇ ತಂದೆ ಅವಳಿಗೆ ಮಾತ್ರೆ ಎಣಿಸುವುದನ್ನು ಕಲಿಸಿದ್ದರು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಭಾಮಿನೀಷಟ್ಪದಿಯ ಆರು ಸಾಲುಗಳಲ್ಲಿ ಮೂರನೆಯದು, ಆರನೆಯದು ಉದ್ದ. ಉಳಿದ ನಾಲ್ಕೂ ಮೂರು-ನಾಲ್ಕು-ಮೂರು-ನಾಲ್ಕರ ನಡೆಯಲ್ಲಿ ಹದಿನಾಲ್ಕು ಮಾತ್ರೆ. ತೊಡೆಯ ಮೇಲೆ ತಾಳ ಹಾಕುತ್ತ ಅದನ್ನು ಹೇಳಿಕೊಟ್ಟಿದ್ದರು. ಅನಂತರ ಒಂದು ದಿನ, “ಬಾ, ಒಂದು ಸ್ವಾರಸ್ಯವಿದೆ” ಎಂದು ಕರೆದಾಗ ಅವಳು ಗೆಳತಿಯೊಡನೆ ಸಿನಿಮಾಕ್ಕೆ ಹೊರಟುನಿಂತಿದ್ದಳು. “ನಾಳೆ, ಅಣ್ಣ” ಎಂದಿದ್ದಳು. ತಂದೆಯನ್ನು ಆ ಮನೆಯಲ್ಲಿ ಅಣ್ಣನೆಂದೇ ಕರೆಯುತ್ತಿದ್ದುದು. ಆ ನಾಳೆ ಬರಲಿಲ್ಲ. ಅವರೂ ಮತ್ತೆ ಕರೆಯಲಿಲ್ಲ.

ಕಮಲ ದೀಪ ಹಚ್ಚಿ ಕುಳಿತಳು. ಮೊದಲನೆಯ ಸಾಲು ಸರಿ. ಎರಡನೆಯದರಲ್ಲಿ ಮೂರು, ನಾಲ್ಕು, ಅನಂತರ ಎರಡೇ. ತಾಳ ಅಲ್ಲಿ ಎಡವುತ್ತಿತ್ತು. ಅಲ್ಲಿದ್ದ ಮಾತು “ಬಿಡು”. ಪದ್ಯದಲ್ಲಿ ಯಾರೂ ಏನನ್ನೂ ಬಿಡುತ್ತಿಲ್ಲ. ದಂಡು ಬಂದು ಬಯಲಿನಲ್ಲಿ ಇಳಿಯುತ್ತಿದೆ. ಅವಳು ಮತ್ತೊಮ್ಮೆ ತಾಳ ಹಾಕಿದಳು. ದಂಡು ಇಳಿಯುವುದು ಬೀಡಿನಲ್ಲಿ! “ಬೀಡು” ಎಂದರೆ ಮೂರು ಮಾತ್ರೆ, ಸಾಲು ತುಂಬಿತು. ಅಕ್ಷರದ ಮುಂದೆ ಬೇರೆಯ ಮೊಳೆಯಾಗಿ ಜೋಡಿಸುವ ದೀರ್ಘದ ಕೊಂಡಿ ಅಚ್ಚುಕೂಟದಲ್ಲಿ ಬಿದ್ದುಹೋಗಿತ್ತು. ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿದ್ದ ಬೇರೊಂದು ಮುದ್ರಣವನ್ನು ತೆಗೆದು ನೋಡಿದಳು. ಅಲ್ಲಿ “ಬೀಡು” ಎಂದೇ ಇತ್ತು.

ಪಂಡಿತರಿಗೆ ಇದು ಕ್ಷಣದ ಕೆಲಸ, ತಿದ್ದಿಬಿಡಬಹುದಾಗಿತ್ತು. ಕೊನೆಯವರೆಗೂ ಹಾಗೆಯೇ ಇಟ್ಟಿದ್ದರು.

ಸಂಜೆ ಅವಳು ಭೀಷ್ಮಪರ್ವದ ಪುಟವನ್ನು ತಾಯಿಯ ಮುಂದೆ ಹಿಡಿದಳು. ಆಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಡಾಕ್ಟರು ಬಂದಿದ್ದರು. ಯಾರು ಕರೆದರೆಂದು ನಾನು ಕೇಳಲೇ ಇಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆ ಕಾಗದದವನು ಬಂದರೆ ಇವತ್ತು ಬೇಡವೆಂದು ಹೇಳಿಬಿಡು” ಎಂದು ಅಡುಗೆಮನೆಗೆ ಎದ್ದುಹೋದರು.

ಕಮಲ ಪುಸ್ತಕವನ್ನು ಮತ್ತೆ ಬೈಂಡಿನವನಿಗೆ ಕೊಟ್ಟಳು.

“ಬರಿಯ ಹೊಲಿಗೆ ಹಾಕಿ ರಟ್ಟು ಕಟ್ಟಿಕೊಡಿ. ಅಂಚು ಮುಟ್ಟಬೇಡಿ.”

“ಹಾಳೆ ಏರುಪೇರಾಗಿಯೇ ಉಳಿಯುತ್ತದೆ, ತಾಯಿ. ನೋಡಲು ಚೆನ್ನಾಗಿರುವುದಿಲ್ಲ.”

“ಇರಲಿ” ಎಂದಳು ಕಮಲ.

ಮುದುಕ ಸೂಜಿಗೆ ದಾರ ಪೋಣಿಸಿದ.