ಅವರು ‘ನೀನು’ ಅಂದರೆ ನೀವೂ ‘ನೀನು’ ಅನ್ನಬೇಕು

ಅಮ್ಮನಿಗೆ ನೀನು, ಅಪ್ಪನಿಗೆ ನೀವು ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೇಷ್ಟ್ರು ‘ನೀನು’ ಅನ್ನುತ್ತಾರೆ, ನಾವು ‘ನೀವು’ ಅನ್ನುತ್ತೇವೆ. ಮನೆ ಮಾಲೀಕರು ಕಾಲೇಜು ಹುಡುಗನನ್ನು ‘ಏನಪ್ಪಾ, ಬಾಡಿಗೆ ಯಾವಾಗ ಕೊಡ್ತೀಯ?’ ಎಂದು ಕೇಳಿದರೆ, ಅವನು ‘ನಾಳೆ ಕೊಡ್ತೀನಿ ಸಾರ್, ನೀವೇನೂ ಯೋಚನೆ ಮಾಡ್ಬೇಡಿ’ ಎನ್ನುತ್ತಾನೆ. ಆ ಕಡೆಯಿಂದ ಒಂದು ಬಗೆ, ಈ ಕಡೆಯಿಂದ ಇನ್ನೊಂದು ಬಗೆ. ಈ ಏರುತಗ್ಗು ನಮಗೆ ಎಷ್ಟು ಸಹಜವೆಂದರೆ, ಜರ್ಮನ್ ಕಲಿಯಲು ಕೂತ ಕನ್ನಡಿಗರು ಡು ಮತ್ತು ಜೀ ಎಂಬ ಎರಡು ಪದಗಳನ್ನು ಕಂಡ ಕೂಡಲೇ ‘ಓ, ನಮ್ಮ ನೀನು–ನೀವು ತಾನೇ’ ಎಂದು ನಿರಾಳರಾಗುತ್ತಾರೆ. ಎಡವುವುದೂ ಅಲ್ಲೇ.

ಜರ್ಮನಿಯಲ್ಲಿ ಇವತ್ತು ಇಬ್ಬರು ವಯಸ್ಕರ ನಡುವೆ ಏರುತಗ್ಗಿಲ್ಲ. ಇಬ್ಬರೂ ಡು, ಇಲ್ಲವೇ ಇಬ್ಬರೂ ಜೀ. ಅರವತ್ತೈದರ ಮಾಲೀಕ ಇಪ್ಪತ್ತೆರಡರ ಬಾಡಿಗೆದಾರಳಿಗೆ ಜೀ ಎನ್ನುತ್ತಾನೆ, ಆಕೆಯೂ ಜೀ ಎನ್ನುತ್ತಾಳೆ. ಮ್ಯಾನೇಜರ್ ಡು ಎಂದರೆ ಕೈಕೆಳಗಿನವನೂ ಡು ಎನ್ನಲೇಬೇಕು. ದೊಡ್ಡವರಿಗೆ ಚಿಕ್ಕವರು ಒಂದು ಮೆಟ್ಟಿಲು ಕೆಳಗೆ ನಿಂತು ಮಾತಾಡುವ ವ್ಯವಸ್ಥೆ ಅಲ್ಲಿಯೂ ಹಿಂದೆ ಇತ್ತು, ಯಜಮಾನರಿಗೂ ಆಳುಗಳಿಗೂ ನಡುವೆ. ಈಗ ಅದು ಉಳಿದಿರುವುದು ಮಕ್ಕಳ ವಿಷಯದಲ್ಲಿ ಮಾತ್ರ: ಶಿಕ್ಷಕರು ಶಾಲೆಯ ಮಕ್ಕಳಿಗೆ ಡು ಎನ್ನುತ್ತಾರೆ, ಮಕ್ಕಳು ಶಿಕ್ಷಕರಿಗೆ ಜೀ ಎನ್ನುತ್ತಾರೆ. ಹೈಸ್ಕೂಲಿನ ಮೇಲಿನ ತರಗತಿಗಳಿಗೆ ಬಂದಾಗ ಅನೇಕ ಶಿಕ್ಷಕರು ಅದನ್ನೂ ಬಿಟ್ಟು, ವಿದ್ಯಾರ್ಥಿಯ ಹೆಸರು ಹಿಡಿದೇ ಜೀ ಎನ್ನಲು ಶುರುಮಾಡುತ್ತಾರೆ. ಮನೆಯೊಳಗಂತೂ ಅಜ್ಜ, ಅಜ್ಜಿ, ಅಪ್ಪ ಎಲ್ಲರೂ ಡು. ಹಾಗಾಗಿ ಜೀ ಎಂದರೆ ಹಿರಿತನಕ್ಕೆ ಕೊಡುವ ಮರ್ಯಾದೆ ಎಂದು ತಿಳಿದರೆ ತಪ್ಪಾಗುತ್ತದೆ. ಅದು ಇಬ್ಬರ ನಡುವಿನ ದೂರ. ಆ ದೂರ ಇಬ್ಬರಿಗೂ ಒಂದೇ ಅಳತೆ.

ಹುಬ್ಬಳ್ಳಿಯಿಂದ ಆಖೆನ್‌ಗೆ ಎಂಜಿನಿಯರಿಂಗ್ ಓದಲು ಹೋದ ಹುಡುಗಿಯೊಬ್ಬಳ ಮೊದಲ ತಿಂಗಳುಗಳನ್ನು ಕಲ್ಪಿಸಿಕೊಳ್ಳಿ. ಅವಳಿಗೆ ಮೊದಲು ಬೇಕಾದದ್ದು ರೂಮು. ಜಾಹೀರಾತಿನಲ್ಲಿ ಎರಡು ರೂಮು ಸಿಕ್ಕವು. ಒಂದು ನಾಲ್ಕು ವಿದ್ಯಾರ್ಥಿಗಳು ಹಂಚಿಕೊಂಡ ಫ್ಲ್ಯಾಟಿನಲ್ಲಿ. ಅಲ್ಲಿಯವರು ಇದನ್ನು ಚುಟುಕಾಗಿ ವೇಗೇ ಎನ್ನುತ್ತಾರೆ. ಇನ್ನೊಂದು, ಮಾಲೀಕರು ಕೆಳಗೇ ವಾಸವಿರುವ ಹಳೆಯ ಮನೆಯ ಮಾಳಿಗೆಯಲ್ಲಿ. ವೇಗೇಯ ಜಾಹೀರಾತೇ ಡು ಎಂದು ಶುರುವಾಗುತ್ತದೆ, ಆದ್ದರಿಂದ ಉತ್ತರವೂ ‘ಹಲೋ’ ಎಂದು ಡು ರೂಪದಲ್ಲೇ ಹೋಗಬೇಕು. ಅಲ್ಲಿ ನಾಲ್ವರನ್ನೂ ಒಟ್ಟಿಗೆ ಕುರಿತು ಬರೆಯುವುದಾದರೆ ಡು ಸಾಲದು, ಅದರ ಬಹುವಚನ ಈರ್ ಬೇಕು. ಎಷ್ಟೋ ಜನ ಇಲ್ಲಿ ಗಾಬರಿಯಾಗಿ ಜೀ ಬರೆದುಬಿಡುತ್ತಾರೆ. ಓದಿದವರಿಗೆ ಇವಳು ನಮ್ಮ ಜೊತೆ ಅಡುಗೆಮನೆ ಹಂಚಿಕೊಳ್ಳುವವಳಲ್ಲ ಎನಿಸುತ್ತದೆ. ಫ್ಲ್ಯಾಟನ್ನು ತನ್ನ ಹೆಸರಿನಲ್ಲಿ ಹಿಡಿದು ಉಳಿದವರಿಂದ ಬಾಡಿಗೆ ವಸೂಲು ಮಾಡುವ ವಿದ್ಯಾರ್ಥಿಯೂ ಲೆಕ್ಕದಲ್ಲಿ ಮಾಲೀಕನ ಜಾಗದಲ್ಲೇ ಇರುತ್ತಾನೆ. ಆದರೂ ಅವನಿಗೆ ಡು.

ಮಾಳಿಗೆ ರೂಮಿನ ಮಾಲೀಕರಿಗೆ ಬರೆಯುವಾಗ ಮಾತ್ರ ‘ಮಾನ್ಯರೇ’ ಎಂಬ ಧಾಟಿಯ ಒಕ್ಕಣೆ, ಹೆರ್ ಅಥವಾ ಫ್ರೌ ಎಂಬುದರ ಮುಂದೆ ಅವರ ಮನೆತನದ ಹೆಸರು, ಒಳಗೆಲ್ಲ ಜೀ. ಅವರು ಎಷ್ಟೇ ನಗುನಗುತ್ತ ಮನೆ ತೋರಿಸಿದರೂ, ಕಾಫಿ ಕೊಟ್ಟರೂ ಜೀಯೇ. ಇದು ಬಿಗುಮಾನವಲ್ಲ. ಒಂದೇ ಕಟ್ಟಡದಲ್ಲಿ ದಶಕಗಟ್ಟಲೆ ಇದ್ದು, ಒಬ್ಬರ ಹೂವಿನ ಕುಂಡಕ್ಕೆ ಇನ್ನೊಬ್ಬರು ನೀರು ಹಾಕುತ್ತ, ಕೊನೆಯವರೆಗೂ ಜೀ ಎಂದೇ ಮಾತಾಡಿಕೊಳ್ಳುವ ನೆರೆಹೊರೆಯವರು ಅಲ್ಲಿದ್ದಾರೆ. ಬಾಡಿಗೆಯ ಸಂಬಂಧದಲ್ಲಿ ಈ ದೂರದಿಂದ ಬಾಡಿಗೆದಾರರಿಗೂ ಲಾಭವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಜರ್ಮನ್ ಕಾನೂನಿನಲ್ಲಿ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಮನೆ ಬಿಡುವಾಗ ಆ ಹಣ ವಾಪಸು ಕೇಳಬೇಕು. ನಡುವೆ ಹೀಟರು ಕೆಟ್ಟರೆ ಬರಹದಲ್ಲಿ ದೂರಬೇಕು. ಇಂಥ ಕಾಗದವನ್ನು ಜೀ ರೂಪದಲ್ಲಿ ನೇರವಾಗಿ, ಸಂಕೋಚವಿಲ್ಲದೆ ಬರೆಯಬಹುದು. ಡು ಎಂದುಕೊಂಡವರ ನಡುವೆ ಅದೇ ಮಾತು ಮುನಿಸಾಗುತ್ತದೆ.

ಕ್ಲಾಸಿನಲ್ಲಿ ಗೊಂದಲ ಕಡಿಮೆ. ಸಹಪಾಠಿಗಳೆಲ್ಲ ಮೊದಲ ದಿನದಿಂದಲೇ ಡು. ಎದುರಿನವರಿಗೆ ವಯಸ್ಸು ನಲವತ್ತಾಗಿದ್ದರೂ ಸರಿ. ಇದೂ ಹಳೆಯ ಪದ್ಧತಿಯೇನಲ್ಲ. 1968ರ ವಿದ್ಯಾರ್ಥಿ ಚಳವಳಿಗೆ ಮುಂಚೆ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಜೀ ಎನ್ನುವುದು ಸಾಮಾನ್ಯವಾಗಿತ್ತು. ಪ್ರೊಫೆಸರರಿಗೆ ಮಾತ್ರ ಈಗಲೂ ಜೀ, ಅವರೂ ನಮಗೆ ಜೀ. ಇಲ್ಲಿ ನಮ್ಮವರಿಗೆ ಒಂದು ಬಗೆಯ ಸಂಕಟವಾಗುತ್ತದೆ. ಬಿಳಿಕೂದಲಿನ ಪ್ರಾಧ್ಯಾಪಕರು ತಮ್ಮನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಾರಲ್ಲ, ಏನಾದರೂ ಸಿಟ್ಟೇ ಎಂದು. ಸಿಟ್ಟಲ್ಲ. ನೀವು ವಯಸ್ಕರು ಎಂದು ಒಪ್ಪಿಕೊಂಡ ಗುರುತು.

ನಿಜವಾದ ಸೂಕ್ಷ್ಮ ಇರುವುದು ಆಫೀಸಿನಲ್ಲಿ, ಅದರಲ್ಲೂ ಜೀಯಿಂದ ಡುಗೆ ದಾಟುವ ಗಳಿಗೆಯಲ್ಲಿ. ಡು ಅಲ್ಲಿ ತಾನಾಗಿ ಬರುವುದಿಲ್ಲ. ಅದನ್ನು ಒಬ್ಬರು ಬಾಯಿಬಿಟ್ಟು ಕೊಡಬೇಕು, ಇನ್ನೊಬ್ಬರು ತೆಗೆದುಕೊಳ್ಳಬೇಕು. ಕೊಡುವ ಹಕ್ಕು ಹಿರಿಯರದು. ಆಫೀಸಿನಲ್ಲಾದರೆ ವಯಸ್ಸಿಗಿಂತ ಹುದ್ದೆ ದೊಡ್ಡದು: ಮೂವತ್ತರ ವಿಭಾಗ ಮುಖ್ಯಸ್ಥೆ ಐವತ್ತರ ಸಿಬ್ಬಂದಿಗೆ ಕೊಡಬಹುದು, ಆತ ತಾನಾಗಿ ಶುರುಮಾಡುವಂತಿಲ್ಲ.

ನಮ್ಮ ಹುಬ್ಬಳ್ಳಿಯ ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರಿದಳೆನ್ನಿ. ಕೆಲವು ವಾರ ಫ್ರೌ, ಹೆರ್, ಜೀ ಎಂದು ನಡೆಯಿತು. ಒಂದು ಶುಕ್ರವಾರ ಕೆಲಸ ಮುಗಿದ ಮೇಲೆ ಹಿರಿಯ ಸಹೋದ್ಯೋಗಿ, ‘ನಾವು ಡು ಅಂದುಕೊಳ್ಳಬಹುದಲ್ಲ? ನಾನು ಸಬೀನೆ’ ಎನ್ನುತ್ತಾರೆ. ಆಕೆಯ ಹೆಸರು ಸಬೀನೆ ಎಂದು ಮೊದಲೇ ಗೊತ್ತು, ಆದರೂ ಹೇಳುತ್ತಾರೆ. ಇವಳೂ ‘ಸಂತೋಷ’ ಎಂದು ಸೇರಿಸಿ, ಗೊತ್ತಿರುವ ತನ್ನ ಹೆಸರನ್ನೇ ಮತ್ತೊಮ್ಮೆ ಹೇಳಬೇಕು. ಅಲ್ಲಿಗೆ ದಾಟಿದಂತಾಯಿತು. ಮರುಕ್ಷಣದಿಂದ ಇಬ್ಬರೂ ಡು.

ಸೋಮವಾರ ಬೆಳಿಗ್ಗೆ ಕಷ್ಟ ಶುರುವಾಗುತ್ತದೆ. ಸಬೀನೆ ಇವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಬಾಯಿ ಬರುವುದಿಲ್ಲ. ಮರ್ಯಾದೆಗೆಂದು ಇವಳು ಜೀ ಎಂದೇ ಮುಂದುವರಿಸಿದರೆ, ಸಬೀನೆಗೆ ಕೇಳಿಸುವುದು ಮರ್ಯಾದೆಯಲ್ಲ. ಕೊಟ್ಟದ್ದನ್ನು ಇವಳು ವಾಪಸು ಕೈಗಿಟ್ಟಳು ಎಂದು. ಆಕೆ ಒಂದೆರಡು ಸಲ ತಿದ್ದುತ್ತಾರೆ, ಆಮೇಲೆ ತಾವೂ ಮಾತು ಕಡಿಮೆ ಮಾಡುತ್ತಾರೆ. ನಮ್ಮವರ ಬಗ್ಗೆ ‘ತುಂಬಾ ದೂರ ಇರುತ್ತಾರೆ’ ಎಂಬ ಅಭಿಪ್ರಾಯ ಹುಟ್ಟುವುದು ಹೀಗೆ. ಎರಡನೆಯ ಅಪಾಯ ವ್ಯಾಕರಣದ್ದು. ಕರ್ತೃಪದವನ್ನು ಜ್ಞಾಪಕದಿಂದ ಡು ಮಾಡಿದರೂ, ವಾಕ್ಯದ ಕೊನೆಯಲ್ಲಿ ‘ನಿನ್ನ’ ಎಂಬ ಡೈನ್ ಬರಬೇಕಾದ ಕಡೆ ‘ನಿಮ್ಮ’ ಎಂಬ ಈರ್ ನುಸುಳುತ್ತದೆ: ‘ನಿಮ್ಮ ಫೈಲನ್ನು ನೀನು ಕಳಿಸಿದೆಯಾ’ ಎಂಬಂತೆ. ಪತ್ರ ಬರೆದ ಮೇಲೆ ಇಂಥ ಸಣ್ಣ ಪದಗಳನ್ನೇ ಹುಡುಕಿ ನೋಡಬೇಕು. ಮರ್ಯಾದೆಯ ರೂಪಗಳು ಬರಹದಲ್ಲಿ ದೊಡ್ಡ ಅಕ್ಷರದಿಂದ ಶುರುವಾಗುವುದರಿಂದ ಕಣ್ಣಿಗೆ ಬೇಗ ಬೀಳುತ್ತವೆ.

ಈಚೆಗೆ ಕಂಪನಿಗಳೇ ಸಾರಾಸಗಟಾಗಿ ಡು ಘೋಷಿಸುವುದೂ ಇದೆ. 2016ರಲ್ಲಿ ಓಟ್ಟೋ ಸಮೂಹದ ಮುಖ್ಯಸ್ಥ ಹನ್ಸ್ ಓಟ್ಟೋ ಶ್ರಾಡರ್ ತಮ್ಮ ಸುಮಾರು 53,000 ಸಿಬ್ಬಂದಿಗೆ ಡು ಕೊಟ್ಟದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಬೇಡ ಎನ್ನುವ ಹಕ್ಕು ನೌಕರನಿಗೆ ಇದೆಯೇ? 1998ರಲ್ಲಿ ಹಮ್ ನಗರದ ಕಾರ್ಮಿಕ ಮೇಲ್ಮನವಿ ನ್ಯಾಯಾಲಯದ ಮುಂದೆ ಇದೇ ಪ್ರಶ್ನೆ ಬಂದಿತ್ತು. ಡು ರೂಢಿಯಲ್ಲಿದ್ದ ಬಟ್ಟೆ ಅಂಗಡಿಯ ನೌಕರನೊಬ್ಬ ತನಗೆ ಜೀ ಬೇಕೆಂದು ಕೇಳಿದ್ದ. ಅವನಿಗೆ ಜಯ ಸಿಗಲಿಲ್ಲ. ಡು ಇದೆಯೆಂದ ಮಾತ್ರಕ್ಕೆ ಸ್ನೇಹವಿದೆ ಎಂದೂ ಅಲ್ಲ. ಡು ಎನ್ನುವ ಮ್ಯಾನೇಜರ್ ಅದೇ ಡುನಲ್ಲೇ ನಿಮ್ಮ ತಪ್ಪನ್ನು ಎತ್ತಿ ಆಡಬಲ್ಲರು, ಕೆಲಸದಿಂದಲೂ ತೆಗೆಯಬಲ್ಲರು.

ಒಮ್ಮೆ ದಾಟಿದ ಮೇಲೆ ಹಿಂದಕ್ಕೆ ಬರುವುದು ಹೆಚ್ಚುಕಡಿಮೆ ಅಸಾಧ್ಯ. ಡು ಎನ್ನುತ್ತಿದ್ದವರು ಜೀಗೆ ಮರಳಿದರೆ ಸಂಬಂಧ ಮುರಿಯಿತು ಎಂದೇ ಅರ್ಥ. ಆದ್ದರಿಂದಲೇ ಅವಸರ ಬೇಡ. ಯಾವುದು ನಡೆಯುತ್ತಿದೆ ಎಂದು ಗೊತ್ತಾಗದಿದ್ದಾಗ ಜರ್ಮನರೇ ಎರಡನ್ನೂ ತಪ್ಪಿಸಿ ಮಾತಾಡುತ್ತಾರೆ. ‘ನೀವು ಕಾಫಿ ತಗೊಳ್ತೀರಾ’ ಎನ್ನುವ ಬದಲು ‘ಇನ್ನೂ ಕಾಫಿ ಬೇಕಿತ್ತಾ’ ಎಂದು, ‘ನೀನು ಯಾವಾಗ ಹೊರಡುತ್ತೀ’ ಎನ್ನುವ ಬದಲು ‘ಯಾವಾಗ ಹೊರಡೋದು’ ಎಂದು. ಹೊಸ ಸೊಸೆ ಅತ್ತೆಯನ್ನು ಏನೆಂದು ಕರೆಯಲಿ ಎಂದು ಹೆಸರಿಲ್ಲದೆಯೇ ದಿನ ದೂಡುವಂಥ ಈ ಉಪಾಯ ಬಹಳ ಕಾಲ ನಡೆಯುವುದಿಲ್ಲ. ಕೊನೆಗೆ ‘ನಾವು ಡು ಅಂತೀವಾ, ಜೀ ಅಂತೀವಾ’ ಎಂದು ಕೇಳಿಬಿಡುವುದೇ ಸರಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹ್ಯಾಂಬರ್ಗ್ ಕಡೆ ಹೆಸರು ಹಿಡಿದು ಕರೆದು ಜೀ ಎನ್ನುವ ನಡುದಾರಿಯೂ ಇದೆ. ಸೂಪರ್‌ಮಾರ್ಕೆಟ್ ಕೌಂಟರಿನಲ್ಲಿ ಇದರ ತಿರುವುಮುರುವು ಕೇಳುತ್ತದೆ: ಗಿರಾಕಿಗಳ ಎದುರು ಸಿಬ್ಬಂದಿ ಒಬ್ಬರಿಗೊಬ್ಬರು ‘ಫ್ರೌ ಮ್ಯೂಲರ್, ಡು ಸ್ವಲ್ಪ ಬರ್ತೀಯಾ’ ಎನ್ನುತ್ತಾರೆ.

ಸರ್ಕಾರಿ ಕಚೇರಿಯಲ್ಲಿ ಮಾತ್ರ ಇಂಥ ನಡುದಾರಿಗಳಿಲ್ಲ. ವೀಸಾ ವಿಸ್ತರಿಸುವ ವಿದೇಶಿಯರ ಕಚೇರಿ, ವಿಳಾಸ ನೋಂದಾಯಿಸುವ ನಗರ ಕಚೇರಿ, ಪೊಲೀಸು, ಎಲ್ಲೆಡೆ ಜೀ. ಪೊಲೀಸರಿಗೆ ಬೇಕೆಂದೇ ಡು ಎಂದರೆ ಅವಮಾನದ ಮೊಕದ್ದಮೆ ಬೀಳಬಹುದು. ಪಾಪ್ ಸಂಗೀತಗಾರ ಡೀಟರ್ ಬೋಲನ್ ಮೇಲೆ ಬಿದ್ದೂ ಇತ್ತು. 2006ರಲ್ಲಿ ಹ್ಯಾಂಬರ್ಗ್‌ನ ನ್ಯಾಯಾಲಯ ಅವರನ್ನು ಬಿಟ್ಟಿತು, ಎಲ್ಲರನ್ನೂ ಹಾಗೆಯೇ ಮಾತಾಡಿಸುವುದು ಅವರ ರೂಢಿ ಎಂಬ ಕಾರಣಕ್ಕೆ. ಭಾಷೆ ಕಲಿಯುತ್ತಿರುವವರು ಬಾಯಿತಪ್ಪಿ ಅಂದರೆ ಯಾರೂ ಕೇಸು ಹಾಕುವುದಿಲ್ಲ, ಆದರೆ ಕಲಿಯುವವರು ಮೊದಲು ಜೀ ರೂಪವನ್ನೇ ಗಟ್ಟಿ ಮಾಡಿಕೊಳ್ಳುವುದು ಕ್ಷೇಮ.

ಆದರೆ ಸಮ ಎಂಬ ನಿಯಮ ಆ ಕಡೆಗೂ ಅನ್ವಯಿಸುತ್ತದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಅಧಿಕಾರಿ ನಿಮಗೂ ಜೀ ಎನ್ನಬೇಕು. ಚರ್ಮದ ಬಣ್ಣ ನೋಡಿ, ಅಥವಾ ತೊದಲುವ ಜರ್ಮನ್ ಕೇಳಿ, ವಿದೇಶಿಯರಿಗೆ ಡು ಎನ್ನುವವರು ಅಲ್ಲಿ ಇದ್ದಾರೆ. ವಲಸಿಗರು ಇದನ್ನು ಬಹಳ ಕಾಲದಿಂದ ದೂರುತ್ತ ಬಂದಿದ್ದಾರೆ. ಹಿರಿಯ ಅಧಿಕಾರಿ ‘ನೀನು’ ಎಂದರೆ ನಮಗೆ ಊರಿನ ಅಭ್ಯಾಸದಿಂದ ಅದರಲ್ಲೇನೂ ತಪ್ಪು ಕಾಣುವುದಿಲ್ಲ, ಆತ್ಮೀಯತೆ ಎಂದೇ ತೋರಬಹುದು. ಆ ದೇಶದಲ್ಲಿ ಅದು ಹಾಗಲ್ಲ. ಎದುರಿನ ಕುರ್ಚಿಯ ಜರ್ಮನ್ ಪ್ರಜೆಗೆ ಜೀ ಎಂದು, ನಿಮ್ಮ ಸರದಿಗೆ ಡು ಎಂದರೆ, ದನಿ ಏರಿಸದೆ ‘ಬಿಟೆ ಜೀತ್ಸೆನ್ ಜೀ ಮಿಶ್’, ದಯವಿಟ್ಟು ನನಗೆ ಜೀ ಎನ್ನಿ, ಎಂದು ಹೇಳಿ, ಕಾಗದಪತ್ರ ಮುಂದಿಟ್ಟು ಕೆಲಸದ ಮಾತಿಗೆ ಬನ್ನಿ.