ಅಕ್ಟೋಬರಿನಲ್ಲಿ ಬಂದ ಏಪ್ರಿಲ್ ಟ್ಯಾಂಕರ್

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಂತೆ ನಮ್ಮದೂ ಟ್ಯಾಂಕರ್ ನೀರನ್ನೇ ನಂಬಿಕೊಂಡಿತ್ತು. ಜೂನ್ ಮೊದಲ ವಾರ ನಿವಾಸಿಗಳ ಸಂಘದ ಸಭೆಯಲ್ಲಿ ಆ ಖರ್ಚಿನ ಲೆಕ್ಕ ಒಪ್ಪಿಸಬೇಕಿತ್ತು. ಮಾರ್ಚ್‌ನಿಂದ ಮೇವರೆಗಿನ ರಸೀದಿಗಳನ್ನು ಮೂವರು ಹಂಚಿಕೊಂಡು ಟೈಪ್ ಮಾಡಿ ವಾಟ್ಸ್ಯಾಪಿನಲ್ಲಿ ಕಳಿಸಿದ್ದರು. ಮೂರನ್ನೂ ಒಂದೇ ಎಕ್ಸೆಲ್ ಹಾಳೆಗೆ ಅಂಟಿಸಿ ತಾರೀಖಿನ ಪ್ರಕಾರ ಜೋಡಿಸುವ ಕೆಲಸ ನನಗೆ ಬಂತು. ಜೋಡಿಸಿ ತೋರಿಸಿದಾಗ ಖಜಾಂಚಿಗಳು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದೇನ್ರೀ, ಇನ್ನೂ ಜೂನು. ಆಗಲೇ ಅಕ್ಟೋಬರಿನ ಟ್ಯಾಂಕರಿಗೆ ದುಡ್ಡು ಕೊಟ್ಟುಬಿಟ್ಟಿದ್ದೀವಾ?"

ಅವರು ಬೆರಳಿಟ್ಟ ಸಾಲು ನಿಜಕ್ಕೂ ಏಪ್ರಿಲ್ 10ರದ್ದು. ಅವರೇ `10/04/2024` ಎಂದು ಬರೆದಿದ್ದರು. ನನ್ನ ಲ್ಯಾಪ್‌ಟಾಪಿನ ಪ್ರದೇಶದ ಸೆಟ್ಟಿಂಗ್ ಮಾತ್ರ ಅಮೆರಿಕದ್ದಾಗಿತ್ತು. ಅಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಹಾಗಾಗಿ ಎಕ್ಸೆಲ್ ಅದನ್ನು ಅಕ್ಟೋಬರ್ 4 ಎಂದು ಓದಿಕೊಂಡು, ಯಾವ ಎಚ್ಚರಿಕೆಯನ್ನೂ ಕೊಡದೆ ಒಳಗೆ ಸೇರಿಸಿಕೊಂಡಿತ್ತು.

ಇದು ಅರ್ಥವಾಗಬೇಕಾದರೆ ಎಕ್ಸೆಲ್ ತಾರೀಖನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂದು ತಿಳಿದಿರಬೇಕು. ನಮ್ಮ ಕಣ್ಣಿಗೆ ಕಾಣುವುದು ದಿನ, ತಿಂಗಳು, ವರ್ಷ. ಒಳಗಿರುವುದು ಒಂದೇ ಒಂದು ಅಂಕಿ. 1900ರ ಜನವರಿ 1ಕ್ಕೆ 1 ಎಂದು ಶುರುಮಾಡಿ ದಿನಕ್ಕೊಂದರಂತೆ ಏರುತ್ತ ಬಂದ ಎಣಿಕೆ ಅದು. 2024ರ ಮಾರ್ಚ್ 5 ಅಂದರೆ 45356. ಮೇ 3 ಅಂದರೆ 45415. ಜೋಡಿಸುವಾಗ ಎಕ್ಸೆಲ್ ನೋಡುವುದು ಈ ಅಂಕಿಯನ್ನೇ. `05/03/2024` ಎಂಬುದನ್ನು ಅಮೆರಿಕದ ಕ್ರಮದಲ್ಲಿ ಓದಿದರೆ ರಸೀದಿ 59 ದಿನ ಮುಂದಕ್ಕೆ ಜಿಗಿಯುತ್ತದೆ. ಸೆಲ್ ಫಾರ್ಮ್ಯಾಟ್ ಎಷ್ಟು ಬದಲಿಸಿದರೂ ಅದು ಹಿಂದಕ್ಕೆ ಬರುವುದಿಲ್ಲ. ಫಾರ್ಮ್ಯಾಟ್ ಬರೀ ತೋರಿಕೆ, ಅಂಕಿ ಹಾಗೆಯೇ ಉಳಿದಿರುತ್ತದೆ.

`25/03/2024` ಎಂದು ಬರೆದ ಸಾಲಿನ ಕತೆ ಬೇರೆ. 25ನೇ ತಿಂಗಳು ಎಂಬುದಿಲ್ಲವಾದ್ದರಿಂದ ಎಕ್ಸೆಲ್ ಅದನ್ನು ತಾರೀಖೆಂದು ಒಪ್ಪಲಿಲ್ಲ, ಬರೀ ಅಕ್ಷರಗಳ ಸಾಲಾಗಿ ಬಿಟ್ಟಿತು. ಕಾರ್ಯದರ್ಶಿಗಳು ಚುಕ್ಕಿ ಇಟ್ಟು ಬರೆದ `12.04.2024` ಥರದವಕ್ಕೂ ಅದೇ ಗತಿ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಎಕ್ಸೆಲ್ ಅಂಕಿಗಳನ್ನೆಲ್ಲ ಮೇಲಿಟ್ಟು ಅಕ್ಷರಗಳನ್ನು ಕೆಳಗೆ ತಳ್ಳುತ್ತದೆ. ಹಾಗಾಗಿ ಮಾರ್ಚ್ 25 ಹೋಗಿ ಅಕ್ಟೋಬರ್ 4ರ ಕೆಳಗೆ ಕೂತಿತ್ತು.

ಇಂಥ ಹಾಳೆ ನೋಡಿದ ಯಾರಿಗಾದರೂ ಮೊದಲು ಅನುಮಾನ ಬರುವುದು ಕೆಳಗೆ ಬಿದ್ದ ಆ ಸಾಲುಗಳ ಮೇಲೆ. ನಾನೂ ಮೊದಲು ಅವನ್ನೇ ಕೈಯಲ್ಲಿ ತಿದ್ದಲು ಹೊರಟಿದ್ದೆ. ಆದರೆ ಅಕ್ಷರವಾಗಿ ಉಳಿದದ್ದು ಬರೆದವರು ಬರೆದ ಹಾಗೆಯೇ ಇದೆ, ಅದರಲ್ಲಿ ಏನೂ ಕಳೆದುಹೋಗಿಲ್ಲ. ಕೆಟ್ಟಿರುವುದು ಮೇಲೆ ನೀಟಾಗಿ ತಾರೀಖಿನಂತೆ ಕೂತವು. ದಿನ 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಕು, ದಿನ-ತಿಂಗಳು ಅದಲುಬದಲಾಗಿಯೂ ಅದು ಒಳ್ಳೆಯ ತಾರೀಖಿನಂತೆಯೇ ಕಾಣುತ್ತದೆ. ವರ್ಷದಲ್ಲಿ ಇಂಥ ದಿನಗಳು 144. ಜನವರಿ 1, ಫೆಬ್ರವರಿ 2ರಂತೆ ತಿರುಗಿಸಿದರೂ ಬದಲಾಗದ 12 ದಿನಗಳನ್ನು ಬಿಟ್ಟರೆ 132 ದಿನಗಳಲ್ಲಿ ಈ ಮೋಸ ನಡೆಯಬಹುದು.

ಆಮೇಲೆ ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೂಲ ಪಟ್ಟಿಗಳನ್ನು ಮತ್ತೆ ಹೊಸ ಹಾಳೆಗೆ ಅಂಟಿಸಿದೆ. A ಕಾಲಂನಲ್ಲಿ ಆ ಸಾಲನ್ನು ಯಾರು ಬರೆದರು ಎಂದು ಹಾಕಿದೆ, B ಕಾಲಂನಲ್ಲಿ ತಾರೀಖು. ಆ B ಕಾಲಂ ಅನ್ನು ಕೊನೆಯವರೆಗೂ ಮುಟ್ಟಲಿಲ್ಲ, ತಿದ್ದಿದ್ದೆಲ್ಲ ಪಕ್ಕದ C ಕಾಲಂನಲ್ಲಿ. ಯಾರು ಬರೆದರು ಎಂಬುದು ಇಲ್ಲಿ ಬಹಳ ಮುಖ್ಯ. `05/03/2024` ಎಂಬ ಒಂದೇ ಸೆಲ್ ನೋಡಿ ಅದು ಮಾರ್ಚೋ ಮೇಯೋ ಎಂದು ಯಾರೂ ಹೇಳಲಾರರು. ಆದರೆ ಖಜಾಂಚಿಗಳ ಪಟ್ಟಿಯಲ್ಲೇ ಇನ್ನೊಂದು ಕಡೆ `25/03/2024` ಇದೆ ಎಂದ ಮೇಲೆ ಅವರು ದಿನವನ್ನು ಮೊದಲು ಬರೆಯುವವರು ಎಂದು ಗೊತ್ತಾಯಿತು. 12 ದಾಟಿದ ಒಂದು ಅಂಕಿ ಆ ಕೈಬರಹದ ಎಲ್ಲ ಸಾಲುಗಳಿಗೂ ಸಾಕ್ಷಿ.

ಖಜಾಂಚಿಗಳ ಮತ್ತು ಕಾರ್ಯದರ್ಶಿಗಳ ಸಾಲುಗಳಿಗೆ ಈ ಸೂತ್ರ ಹಾಕಿದೆ:

```
=IF(ISNUMBER(B2),
  DATE(YEAR(B2),DAY(B2),MONTH(B2)),
  DATE(RIGHT(B2,4),MID(B2,4,2),LEFT(B2,2)))
```

ಸೆಲ್‌ನಲ್ಲಿರುವುದು ಅಂಕಿಯಾಗಿದ್ದರೆ ಅದು ಆಗಲೇ ತಿರುಗಿಹೋಗಿದೆ ಎಂದರ್ಥ, ಆದ್ದರಿಂದ ದಿನ-ತಿಂಗಳನ್ನು ಮತ್ತೆ ಅದಲುಬದಲು ಮಾಡುತ್ತದೆ. ಅಕ್ಷರವಾಗಿದ್ದರೆ ಕೊನೆಯ ನಾಲ್ಕನ್ನು ವರ್ಷ, ನಡುವಿನ ಎರಡನ್ನು ತಿಂಗಳು, ಮೊದಲ ಎರಡನ್ನು ದಿನ ಎಂದು ಬಿಡಿಸಿಕೊಳ್ಳುತ್ತದೆ. ನಡುವೆ ಚುಕ್ಕಿಯಿರಲಿ ಓರೆಗೆರೆಯಿರಲಿ, ಎರಡಕ್ಕೂ ನಡೆಯುತ್ತದೆ. `7.4.24` ಎಂದು ಮೊಟಕಾಗಿ ಬರೆದ ಮೂರು ನಾಲ್ಕು ಸಾಲುಗಳಿಗೆ ಮಾತ್ರ ನಡೆಯಲಿಲ್ಲ, ಅವನ್ನು C ಕಾಲಂನಲ್ಲಿ ಕೈಯಲ್ಲೇ ಬರೆದೆ. ತಾರೀಖಿನ ಕೊನೆಯಲ್ಲಿ ಕಾಣದ ಖಾಲಿ ಜಾಗ ಅಂಟಿಕೊಂಡಿದ್ದರೂ ಸೂತ್ರ ಎಡವುತ್ತದೆ. ಅಲ್ಲಿ B2 ಬದಲು `TRIM(B2)` ಎಂದು ಬರೆಯಬೇಕು.

ಮೂರನೆಯವರು ಸಾಫ್ಟ್‌ವೇರ್ ಕೆಲಸದ ಹುಡುಗಿ, `2024-05-02` ಎಂದು ಬರೆದಿದ್ದಳು. ವರ್ಷ ಮೊದಲಿದ್ದುದರಿಂದ ಎಕ್ಸೆಲ್ ಅದನ್ನು ಮೇ 2 ಎಂದು ಸರಿಯಾಗಿಯೇ ಓದಿತ್ತು. ಅವಳ ಸಾಲುಗಳಿಗೆ `=B2` ಸಾಕು. ಅದೇ ಸೂತ್ರವನ್ನು ಅವಳ ಸಾಲುಗಳಿಗೂ ಎಳೆದಿದ್ದರೆ ಸರಿಯಿದ್ದದ್ದೂ ಕೆಡುತ್ತಿತ್ತು. ಅದು ಕೆಡುವ ರೀತಿಯೂ ತಿಳಿದಿರಬೇಕಾದದ್ದೇ. ಸರಿಯಾದ ಮಾರ್ಚ್ 25ನ್ನು ತಿರುಗಿಸಿದರೆ DATE ಸೂತ್ರ 25ನೇ ತಿಂಗಳು ಇಲ್ಲ ಎಂದು ತಕರಾರು ಮಾಡುವುದಿಲ್ಲ. 2024ರಿಂದ 25 ತಿಂಗಳು ಎಣಿಸಿ 2026ರ ಜನವರಿ 3 ಎಂದು ಬರೆದುಬಿಡುತ್ತದೆ.

ಆದ್ದರಿಂದ ಜೋಡಿಸುವ ಮೊದಲು `=MIN(C:C)` ಮತ್ತು `=MAX(C:C)` ನೋಡಿದೆ. ಮೊದಲನೆಯದು ಮಾರ್ಚ್‌ಗಿಂತ ಹಿಂದೆ, ಎರಡನೆಯದು ಮೇ ನಂತರ ಇರಬಾರದು. ಇದಕ್ಕಿಂತ ಬಲವಾದ ಪರೀಕ್ಷೆ ರಸೀದಿಯ ಮೇಲೇ ಇತ್ತು. ಟ್ಯಾಂಕರ್‌ನವರ ಬಿಲ್ ಪುಸ್ತಕದ ನಂಬರು ಏರುತ್ತಲೇ ಹೋಗುತ್ತದೆ. ಒಮ್ಮೆ ಬಿಲ್ ನಂಬರಿನ ಪ್ರಕಾರ ಜೋಡಿಸಿ C ಕಾಲಂ ಮೇಲೆ ಕಣ್ಣಾಡಿಸಿದರೆ ತಾರೀಖುಗಳೂ ಅದರ ಜೊತೆಗೇ ಏರಬೇಕು. ಎಲ್ಲಿ ಹಿಂದೆ ಬಿತ್ತೋ ಅಲ್ಲಿ ರಸೀದಿ ತೆಗೆದು ನೋಡಬೇಕು. ಹೀಗೆ ಎರಡು ಟೈಪಿಂಗ್ ತಪ್ಪುಗಳೂ ಸಿಕ್ಕವು.

ಆಮೇಲೆ C ಕಾಲಂಗೆ `yyyy-mm-dd` ಫಾರ್ಮ್ಯಾಟ್ ಕೊಟ್ಟೆ. ISO 8601 ಎಂಬ ಅಂತರರಾಷ್ಟ್ರೀಯ ಮಾನದಂಡ 1988ರಿಂದ ಹೇಳುತ್ತಿರುವುದು ಇದನ್ನೇ. ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ನಾಳೆ ಈ ಪಟ್ಟಿ ಯಾವುದೋ ಫೋನಿನಲ್ಲಿ ಬರೀ ಅಕ್ಷರವಾಗಿ ತೆರೆದುಕೊಂಡರೂ ಕ್ರಮ ಕೆಡುವುದಿಲ್ಲ. ಕೊನೆಗೆ ಇಡೀ ಪಟ್ಟಿಯನ್ನು ಆಯ್ದು, ತಾರೀಖಿನ ಕಾಲಂ ಒಂದನ್ನೇ ಅಲ್ಲ, ಜೋಡಿಸಿದೆ. ಒಂದೇ ಕಾಲಂ ಆಯ್ದರೆ ತಾರೀಖು ಒಂದು ರಸೀದಿಯದು, ಮೊತ್ತ ಇನ್ನೊಂದರದು ಆಗಿಹೋಗುತ್ತದೆ.

ಲ್ಯಾಪ್‌ಟಾಪಿನ ಪ್ರದೇಶದ ಸೆಟ್ಟಿಂಗನ್ನು `English (India)` ಎಂದು ಬದಲಿಸಿದ್ದೂ ಅವತ್ತೇ. ಅದು ಮುಂದೆ ಅಂಟಿಸುವುದಕ್ಕೆ ಮಾತ್ರ ಅನ್ವಯ, ಆಗಲೇ ತಿರುಗಿಹೋದ ಅಂಕಿಗಳನ್ನು ಅದು ಮುಟ್ಟುವುದಿಲ್ಲ. ಗೂಗಲ್ ಶೀಟ್ಸ್ ಬಳಸುವವರಿಗೆ ಈ ಸೆಟ್ಟಿಂಗ್ ಪ್ರತಿ ಕಡತದಲ್ಲೂ ಬೇರೆಯಾಗಿ, `File` ಕೆಳಗಿನ `Settings` ಒಳಗೆ, `Locale` ಎಂಬ ಹೆಸರಿನಲ್ಲಿದೆ.

ಎರಡು ಸಾಲು ಮಾತ್ರ ಬಗೆಹರಿಯಲಿಲ್ಲ. ರಸೀದಿ ಕಳೆದಿತ್ತು, ಬಿಲ್ ನಂಬರಿಲ್ಲ, ಯಾರು ಬರೆದರೆಂದು ಯಾರಿಗೂ ನೆನಪಿಲ್ಲ. ಒಂದರಲ್ಲಿ `04/05/2024` ಎಂದಿತ್ತು. ಏಪ್ರಿಲ್ 5 ಆದರೂ ಸರಿ, ಮೇ 4 ಆದರೂ ಸರಿ, ಎರಡೂ ನಮ್ಮ ಅವಧಿಯ ಒಳಗೇ ಬರುತ್ತವೆ. ಅಂಥವಕ್ಕೆ C ಕಾಲಂನಲ್ಲಿ ಏನೂ ತುಂಬಲಿಲ್ಲ. ಖಾಲಿ ಸೆಲ್‌ಗಳನ್ನು ಎಕ್ಸೆಲ್ ಯಾವಾಗಲೂ ಕೊನೆಗೆ ಇಡುತ್ತದೆ. ಸಭೆಯಲ್ಲಿ ಪಟ್ಟಿ ಹಂಚಿದಾಗ ಆ ಎರಡು ಸಾಲು ತಳದಲ್ಲಿ ಮೂಲ ಬರಹದ ಸಮೇತ ಹಾಗೆಯೇ ಇದ್ದವು. ಖಜಾಂಚಿಗಳು ಅವುಗಳ ಪಕ್ಕದಲ್ಲಿ ಪೆನ್ನಿನಿಂದ "ತಾರೀಖು ಖಾತ್ರಿಯಿಲ್ಲ" ಎಂದು ಬರೆದು ಸಹಿ ಹಾಕಿದರು.