ಮೂರು ಹೊತ್ತಿಗೆ ಒಂದೇ ಚಿಯರ್ಸ್

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಹಳೆಯ ಬ್ಯಾಚು ಆನ್‌ಲೈನಿನಲ್ಲಿ ಸೇರುತ್ತಿದೆ ಎಂದಿಟ್ಟುಕೊಳ್ಳೋಣ. ಜೂನ್ ತಿಂಗಳ ಒಂದು ಶನಿವಾರ, ನಮ್ಮಲ್ಲಿ ರಾತ್ರಿ 9.30. ಆಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9, ನ್ಯೂಜೆರ್ಸಿಯಲ್ಲಿ ಸರಿಯಾಗಿ ಮಧ್ಯಾಹ್ನ 12, ಸಿಂಗಪುರದಲ್ಲಿ ನಡುರಾತ್ರಿ 12. ಒಬ್ಬರು ಹಲ್ಲುಜ್ಜಿ ಕಾಫಿ ಹಿಡಿದು ಬಂದಿರುತ್ತಾರೆ, ಒಬ್ಬರ ಮುಂದೆ ಊಟದ ತಟ್ಟೆ, ಇನ್ನೊಬ್ಬರು ಮನೆಯವರ ನಿದ್ದೆ ಕೆಡದಂತೆ ಪಿಸುಗುಟ್ಟುತ್ತಿರುತ್ತಾರೆ. ಇವರೆಲ್ಲರ ಕೈಯಲ್ಲಿ ಒಮ್ಮೆಗೇ ಲೋಟ ಎತ್ತಿಸುವ ಕೆಲಸ ಬ್ಯಾಚಿನ ಮಾತುಗಾರನೊಬ್ಬನ ತಲೆಗೆ ಬಿದ್ದಿದೆ.

ಎಡವಟ್ಟು ಶುರುವಾಗುವುದು ಆಹ್ವಾನದಲ್ಲೇ. ವಾಟ್ಸ್ಯಾಪ್ ಗುಂಪಿನಲ್ಲಿ ‘ಶನಿವಾರ ರಾತ್ರಿ’ ಎಂದಷ್ಟೇ ಹಾಕಿದರೆ ಸಿಂಗಪುರದವರು ತಮ್ಮ ಶನಿವಾರದ ರಾತ್ರಿಗೆ ಕಾಯುತ್ತಾರೆ. ನಡುರಾತ್ರಿ 12 ಹೊಡೆದ ಕೂಡಲೇ ಅವರಿಗೆ ಭಾನುವಾರ. ಅದನ್ನು ‘ಭಾನುವಾರ 12 ಗಂಟೆ’ ಎಂದು ಬರೆದರೋ, ಮರುದಿನ ಮಧ್ಯಾಹ್ನ ಲಿಂಕು ಒತ್ತಿ ಖಾಲಿ ಪರದೆ ನೋಡುವವರು ಒಬ್ಬಿಬ್ಬರಾದರೂ ಇರುತ್ತಾರೆ. ಆದ್ದರಿಂದ ಪ್ರತಿ ಊರಿನ ವಾರ, ತಾರೀಖು, ಗಂಟೆ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ನಡುರಾತ್ರಿಯ ಪಾಲಿಗೆ ‘ಶನಿವಾರ ಊಟ ಮುಗಿಸಿ, ಮಲಗುವ ಮೊದಲು’ ಎಂದು ಸೇರಿಸಿದರೆ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಇದೇ ಕೂಟವನ್ನು ಡಿಸೆಂಬರಿನಲ್ಲಿ ಇಟ್ಟುಕೊಂಡರೆ ಲೆಕ್ಕ ಬದಲಾಗುತ್ತದೆ. ಅಮೆರಿಕದವರು ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿರುತ್ತಾರೆ. ನಮ್ಮ 9.30 ಅವರಿಗೆ ಬೆಳಗಿನ 8 ಮತ್ತು 11 ಆಗುತ್ತದೆ. ನಮಗಾಗಲಿ ಸಿಂಗಪುರಕ್ಕಾಗಲಿ ಆ ಪದ್ಧತಿ ಇಲ್ಲ.

ಇನ್ನು ಚಿಯರ್ಸ್. ಎದುರುಬದುರು ಕೂತಾಗ ನಲವತ್ತು ಜನ ಒಟ್ಟಿಗೆ ಕೂಗಿದರೆ ಸಂಭ್ರಮ. ಪರದೆಯ ಮೇಲೆ ಅದೇ ಕೂಗು ತುಂಡುತುಂಡಾದ ಗದ್ದಲ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಮಾತು ಅಲ್ಲಿಗೆ ಮುಟ್ಟಲು ಏನಿಲ್ಲವೆಂದರೂ 0.07 ಸೆಕೆಂಡು ಬೇಕು. ಕೇಬಲ್ಲು ನೇರವಾಗಿ ಹೋಗುವುದಿಲ್ಲ, ಸುತ್ತಿ ಬಳಸಿ ಹೋಗುತ್ತದೆ. ದನಿಯನ್ನು ಅಂಕಿಗಳಾಗಿಸಿ, ಕಳಿಸಿ, ಆ ತುದಿಯಲ್ಲಿ ಸರಿಯಾಗಿ ಜೋಡಿಸಲೂ ಹೊತ್ತು ಹಿಡಿಯುತ್ತದೆ. ಹೀಗೆ ಕೂಡಿಬರುವ ತಡ ಮಾತುಕತೆಗೆ ಅಷ್ಟೇನೂ ಅಡ್ಡಿ ಮಾಡದು. ಒಟ್ಟಿಗೆ ಚಪ್ಪಾಳೆ ತಟ್ಟಲು, ಹಾಡಲು, ಕೂಗಲು ಮಾತ್ರ ಬಿಡುವುದಿಲ್ಲ. ನಿಮ್ಮ ಕೂಗು ಅವರಿಗೆ ತಡವಾಗಿ ಕೇಳಿ, ಅವರ ಮರುಕೂಗು ನಿಮಗೆ ಇನ್ನೂ ತಡವಾಗಿ ಬರುತ್ತದೆ. ಹುಟ್ಟುಹಬ್ಬದ ಹಾಡನ್ನು ಆನ್‌ಲೈನಿನಲ್ಲಿ ಹಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಸಾಫ್ಟ್‌ವೇರಿನ ಜಾಣತನ ಬೇರೆ. ಅದಕ್ಕೆ ಮನುಷ್ಯರ ಮಾತು ಬೇಕು, ಉಳಿದದ್ದೆಲ್ಲ ಸದ್ದು. ಲೋಟಕ್ಕೆ ಚಮಚ ತಾಗಿಸಿದ ಟಣ್ ಎಂಬ ದನಿಯನ್ನು ಅದು ಬೇಡದ ಶಬ್ದವೆಂದು ಒರೆಸಿಹಾಕುವ ಸಂಭವವೇ ಹೆಚ್ಚು. ಹಲವರು ಒಟ್ಟಿಗೆ ಬಾಯಿ ತೆರೆದರೆ ಯಾರ ದನಿ ಜೋರೋ ಅದನ್ನೇ ಮುಂದೆ ಮಾಡುತ್ತದೆ, ಅದು ಹೆಚ್ಚಾಗಿ ಮೈಕಿಗೆ ತೀರಾ ಹತ್ತಿರ ಕೂತವರದ್ದು.

ಹಾಗಾಗಿ ಕಿವಿಗೆ ಒಬ್ಬನೇ, ಕಣ್ಣಿಗೆ ಎಲ್ಲರೂ ಎಂದು ಏರ್ಪಾಡು ಮಾಡಿಕೊಳ್ಳುವುದು ಮೇಲು. ಕೂಟ ನಡೆಸುವವರು ಎಲ್ಲರ ಮೈಕನ್ನೂ ಒಮ್ಮೆಗೇ ಮುಚ್ಚಿಬಿಡಬೇಕು. ಪರದೆಯನ್ನು ಎಲ್ಲರ ಮುಖ ಕಾಣುವ ಗ್ಯಾಲರಿ ನೋಟಕ್ಕೆ ತಂದುಕೊಳ್ಳಲು ಹೇಳಬೇಕು. ಮಾತುಗಾರ ಒಬ್ಬನೇ ‘ಚಿಯರ್ಸ್’ ಎಂದಾಗ ಉಳಿದವರು ಸದ್ದಿಲ್ಲದೆ ಲೋಟ ಎತ್ತುತ್ತಾರೆ. ಆಮೇಲೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಸಿಂಗಪುರ, ಬೆಂಗಳೂರಿನಿಂದ ಒಬ್ಬೊಬ್ಬರು ಮೈಕು ತೆರೆದು ಒಂದೊಂದು ಮಾತು ಹೇಳಲಿ. ಯಾರು ಎಂಬುದು ಮೊದಲೇ ನಿಶ್ಚಯವಾಗಿರಲಿ. ಇಲ್ಲದಿದ್ದರೆ ‘ನೀನು ಹೇಳು, ನೀನು ಹೇಳು’ ಎಂಬಲ್ಲೇ ಉತ್ಸಾಹ ಇಳಿದುಹೋಗುತ್ತದೆ.

ಲೋಟ ಎತ್ತುವುದರಲ್ಲೂ ಒಂದು ಮೋಸವಿದೆ. ಬೆನ್ನ ಹಿಂದೆ ಕಡಲತೀರದ್ದೋ ಪುಸ್ತಕದ ಕಪಾಟಿನದೋ ಕೃತಕ ಚಿತ್ರ ಹಾಕಿಕೊಂಡವರ ಕೈಯ ಗಾಜಿನ ಲೋಟ ಆ ಚಿತ್ರದೊಳಗೆ ಕರಗಿಹೋಗಿ, ಬರಿಗೈ ಮಾತ್ರ ಕಾಣುವುದುಂಟು. ಆ ಎರಡು ನಿಮಿಷ ಹಿನ್ನೆಲೆ ಚಿತ್ರ ತೆಗೆಯಬೇಕು. ಸ್ಟೀಲಿನದೋ ಬಣ್ಣದ್ದೋ ಲೋಟವಾದರೆ ಚೆನ್ನಾಗಿ ಕಾಣುತ್ತದೆ. ತಲೆಯ ಮೇಲಕ್ಕೆ ಎತ್ತಿದರೆ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಗಲ್ಲದ ಮಟ್ಟ ಸಾಕು.

ಲೋಟದಲ್ಲಿ ಏನಿರಬೇಕು ಎಂಬುದನ್ನು ಮಾತುಗಾರ ಹೇಳದಿರುವುದೇ ಒಳ್ಳೆಯದು. ಬೆಳಗಿನ 9ಕ್ಕೆ ಯಾರೂ ವೈನು ಸುರಿದುಕೊಂಡಿರುವುದಿಲ್ಲ. ನಿವೃತ್ತರಾದ ಮೇಷ್ಟ್ರೊಬ್ಬರನ್ನು ಕರೆದಿದ್ದರಂತೂ ಐವತ್ತು ದಾಟಿದವರೂ ಬಾಟಲಿಯನ್ನು ಮೇಜಿನ ಕೆಳಗೆ ಸರಿಸುತ್ತಾರೆ. ಕಾಫಿ, ಮಜ್ಜಿಗೆ, ಬಿಸಿನೀರು ಎಲ್ಲವೂ ನಡೆಯುತ್ತವೆ.

ಮಾತು ಎರಡು ನಿಮಿಷ ದಾಟಬಾರದು. ನಡುರಾತ್ರಿಯವನ ಕಣ್ಣು ಎಳೆಯುತ್ತಿರುತ್ತದೆ, ಮಧ್ಯಾಹ್ನದವನ ಅನ್ನ ಆರುತ್ತಿರುತ್ತದೆ. ‘ಶುಭ ಸಂಜೆ’, ‘ಇವತ್ತಿನ ಈ ಸುಂದರ ರಾತ್ರಿ’ ಇಂಥವನ್ನೆಲ್ಲ ಬಿಟ್ಟುಬಿಡಬೇಕು, ಅವು ಮುಕ್ಕಾಲು ಪಾಲು ಜನರಿಗೆ ಸುಳ್ಳು. ಬೇಕಾದದ್ದು ಎಲ್ಲರೂ ಅಲ್ಲಿದ್ದಂಥ ಒಂದೇ ಒಂದು ನೆನಪು. ಹೀಗಿರಬಹುದು:

“ಸರ್, ನಮಸ್ಕಾರ. ಮತ್ತೆ ನಮ್ಮ ಹಾಸ್ಟೆಲಿನ ಪುಣ್ಯಾತ್ಮರೆಲ್ಲರಿಗೂ ನಮಸ್ಕಾರ. ಒಬ್ಬನಿಗೆ ಈಗಷ್ಟೇ ಬೆಳಗಾಗಿದೆ, ಒಬ್ಬಳು ಊಟ ಬಿಟ್ಟು ಬಂದಿದ್ದಾಳೆ, ಇನ್ನೊಬ್ಬ ಕತ್ತಲೆಯಲ್ಲಿ ಕೂತು ಕಳ್ಳನ ಹಾಗೆ ಕಾಣ್ತಿದ್ದಾನೆ. ಮೂರನೇ ಸೆಮಿಸ್ಟರಿನ ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋಗಿ, ನಾವೆಲ್ಲ ಟೆರೇಸಿನ ಮೇಲೆ ಒಂದೇ ಲಾಟೀನಿನ ಸುತ್ತ ಕೂತಿದ್ವಲ್ಲ, ನೆನಪಿದೆಯಾ? ಓದಿದವರು ಇಬ್ಬರು, ಪಾಸಾದವರು ಎಲ್ಲರೂ. ಹೇಗೆ ಅಂತ ಸರ್ ಇವತ್ತು ಕೇಳಬಾರದು. ಮರುದಿನ ಆ ಇಬ್ಬರ ದುಡ್ಡಲ್ಲೇ ಬೆಣ್ಣೆದೋಸೆಯನ್ನೂ ತಿಂದೆವು. ಆ ಸಾಲ ಇನ್ನೂ ತೀರಿಸಿಲ್ಲ ಕಣ್ರೋ. ಕೈಯಲ್ಲಿ ಏನಿದೆಯೋ ಅದನ್ನೇ ಎತ್ತಿ. ಲಾಟೀನು ಹಿಡಿದ ಆ ಇಬ್ಬರಿಗೆ, ಚಿಯರ್ಸ್!”

ಇಲ್ಲಿ ಲೋಟ ಎತ್ತುವುದು ಆ ಇಬ್ಬರಿಗೆ. ‘ನಮ್ಮ ಕಾಲೇಜಿಗೆ, ಗುರುಗಳಿಗೆ, ಸ್ನೇಹಕ್ಕೆ, ಕುಟುಂಬಗಳಿಗೆ’ ಎಂದು ಪಟ್ಟಿ ಬೆಳೆಸಿದರೆ ಎಲ್ಲಿ ಎತ್ತಬೇಕೆಂದು ತಿಳಿಯದೆ ಕೈಗಳು ಅರ್ಧಕ್ಕೇ ನಿಲ್ಲುತ್ತವೆ. ಹೊತ್ತಿನ ವ್ಯತ್ಯಾಸಕ್ಕೆ ಒಂದೇ ವಾಕ್ಯ ಸಾಕು. ಅದನ್ನೇ ಎಳೆದರೆ ಹವಾಮಾನ ವರದಿಯಾಗುತ್ತದೆ.

ತೀರಿಹೋದ ಗೆಳೆಯರನ್ನು ನೆನೆಯುವುದಿದ್ದರೆ ಚಿಯರ್ಸಿಗೆ ಬೆರೆಸದೆ, ಅದಕ್ಕೂ ಮೊದಲು ಬೇರೆಯಾಗಿ ನೆನೆಯಬೇಕು. ಆನ್‌ಲೈನಿನಲ್ಲಿ ಮೌನವೆಂದರೆ ನೆಟ್‌ವರ್ಕ್ ಹೋಯಿತೆಂದೇ ಅರ್ಥ, ಐದು ಸೆಕೆಂಡಿಗೆ ಯಾರಾದರೂ ‘ಹಲೋ, ಕೇಳಿಸ್ತಿದೆಯಾ?’ ಎನ್ನುತ್ತಾರೆ. ‘ಅರ್ಧ ನಿಮಿಷ ಮೌನ’ ಎಂದು ಮೊದಲೇ ಹೇಳಿ, ಅವರ ಫೋಟೋವನ್ನು ಪರದೆಯ ಮೇಲೆ ಹಂಚಿಕೊಂಡರೆ ಈ ಮುಜುಗರ ತಪ್ಪುತ್ತದೆ.

ಚಿಯರ್ಸನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ರೂಢಿ, ಇಲ್ಲಿ ಅದು ಕೈಕೊಡುತ್ತದೆ. ಜೂಮಿನ ಉಚಿತ ಕೂಟ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಸಿಂಗಪುರದವರು ಅದಕ್ಕೂ ಮೊದಲೇ ಮಲಗಿರಬಹುದು. ತಡವಾಗಿ ಬರುವವರಿಗೆಂದು ಹತ್ತು ನಿಮಿಷ ಬಿಟ್ಟು, ಹದಿನೈದನೇ ನಿಮಿಷದ ಹೊತ್ತಿಗೆ ಲೋಟ ಎತ್ತಿಸಿಬಿಡಬೇಕು. ಹರಟೆ ಆಮೇಲೆ ಎಷ್ಟಾದರೂ ನಡೆಯಲಿ.

ನಡುರಾತ್ರಿಯ ಪಾಳಿ ಪ್ರತಿ ವರ್ಷವೂ ಒಬ್ಬರ ಪಾಲಿಗೇ ಬೀಳಬಾರದು. ಮುಂದಿನ ಜೂನಿನಲ್ಲಿ ಸಿಂಗಪುರದ ಭಾನುವಾರ ಬೆಳಿಗ್ಗೆ 9ಕ್ಕೆ ಸೇರಿದರೆ ಬೆಂಗಳೂರಿಗೆ ಅದು ಬೆಳಗಿನ 6.30, ನ್ಯೂಜೆರ್ಸಿಗೆ ಶನಿವಾರ ರಾತ್ರಿ 9, ಕ್ಯಾಲಿಫೋರ್ನಿಯಾಕ್ಕೆ ಸಂಜೆ 6. ಲಂಡನ್ನಿನಲ್ಲಿ ಯಾರಾದರೂ ಇದ್ದರೆ ಅವರಿಗೆ ನಡುರಾತ್ರಿ ದಾಟಿ 2 ಗಂಟೆ. ಹೊತ್ತು ಗೊತ್ತುಮಾಡುವ ಮೊದಲು ಅವರನ್ನೊಮ್ಮೆ ಕೇಳಿಕೊಳ್ಳಬೇಕು.